ಸ್ಪಾನ್ಸರ್ ಬಂದಾಗ ಜನ ಬಿಟ್ಟು ಹೋದ್ರಾ, ಬರೀ ಸ್ಕಿಪ್ ಮಾಡಿದ್ರಾ? ರಿಟೆನ್ಶನ್ ಗ್ರಾಫಲ್ಲಿ ಲೆಕ್ಕ ಹಾಕೋದು ಹೀಗೆ

ಯೂಟ್ಯೂಬ್ ವಿಡಿಯೋ ಮಧ್ಯೆ ಸ್ಪಾನ್ಸರ್ ಬಂತು ಅಂದ್ರೆ, ಯಾವ ಸೆಕೆಂಡನ್ನ ಶೇಕಡ ಎಷ್ಟು ವ್ಯೂಸಲ್ಲಿ ನೋಡಿದಾರೆ ಅಂತ ತೋರಿಸೋ ರಿಟೆನ್ಶನ್ ಗ್ರಾಫಲ್ಲಿ ಅಲ್ಲೊಂದು ಗುಂಡಿ ಬಿದ್ದೇ ಬೀಳತ್ತೆ. ಆ ಗುಂಡಿ ನೋಡಿ ಕೆಲವ್ರು ಗಾಬರಿ ಬಿದ್ದು ಇನ್ಮೇಲೆ ಸ್ಪಾನ್ಸರೇ ಬೇಡ ಅಂತಾರೆ, ಇನ್ ಕೆಲವ್ರು ಎಲ್ಲರಿಗೂ ಹಿಂಗೇ ಆಗೋದು ಬಿಡಿ ಅಂತ ಮುಂದಕ್ಕೆ ಹೋಗ್ತಾರೆ. ಇಬ್ರೂ ಗುಂಡಿ ಎಷ್ಟು ಆಳ ಅಂತ ನೋಡ್ತಾರೆ, ಆದ್ರೆ ನೋಡ್ಬೇಕಾಗಿರೋದು ಗುಂಡಿ ಆದ್ಮೇಲೆ ಗೆರೆ ಎಲ್ಲಿಗೆ ವಾಪಸ್ ಬಂತು ಅನ್ನೋದನ್ನ. ಊರಿಗೆ ಹೋಗೋ ಬಸ್ಸನ್ನ ಟೀಗೆ ಅಂತ ಹೋಟೆಲ್ ಹತ್ರ ನಿಲ್ಲಿಸ್ತಾರಲ್ಲ, ಆಗ ಸೀಟೆಲ್ಲ ಖಾಲಿ ಕಾಣತ್ತೆ, ಆದ್ರೆ ಅಲ್ಲೇ ಇಳ್ಕೊಂಡು ಹೋದವ್ರು ಎಷ್ಟು ಜನ ಅಂತ ಗೊತ್ತಾಗೋದು ಬಸ್ ಮತ್ತೆ ಹೊರಟ ಮೇಲೇನೇ. ಇಲ್ಲೂ ಅಷ್ಟೆ, ಸ್ಕಿಪ್ ಮಾಡಿ ವಾಪಸ್ ಬಂದವ್ರು ಬೇರೆ, ವಿಡಿಯೋನೇ ಬಿಟ್ಟು ಹೋದವ್ರು ಬೇರೆ, ಈ ಎರಡನ್ನ ಬೇರೆ ಮಾಡೋದೇ ಈ ಲೆಕ್ಕದ ಕೆಲಸ.

ಮೊದಲು: ಟೈಮ್ ಗುರುತು ಹಾಕ್ಕೊಳಿ

ಎಡಿಟ್ ಟೈಮ್‌ಲೈನ್ ತೆಗೆದು ಸ್ಪಾನ್ಸರ್ ಭಾಗ ಯಾವ ಸೆಕೆಂಡಿಗೆ ಶುರು, ಯಾವ ಸೆಕೆಂಡಿಗೆ ಮುಗಿಯತ್ತೆ ಅಂತ ಬರ್ಕೊಳಿ. ಶುರು ಅಂದ್ರೆ ಬ್ರ್ಯಾಂಡ್ ಹೆಸರು ಬಂದ ಜಾಗ ಅಲ್ಲ, ಇದು ಜಾಹೀರಾತು ಅಂತ ನೋಡೋರಿಗೆ ಗೊತ್ತಾಗೋ ಜಾಗ. "ಅಂದಹಾಗೆ ಫ್ರೆಂಡ್ಸ್..." ಅಂತ ದನಿ ಬದಲಾದ ತಕ್ಷಣ ಜನಕ್ಕೆ ವಾಸನೆ ಹೊಡೆದಿರತ್ತೆ, ಬೆರಳು ಆಗ್ಲೇ ಸ್ಕ್ರೀನ್ ಮೇಲೆ ಇರತ್ತೆ.

ಆಮೇಲೆ ಮೂರು ಕಿಟಕಿ ಮಾಡ್ಕೊಳಿ. ಮುಂಚಿನದು ಅಂದ್ರೆ ಸ್ಪಾನ್ಸರ್‌ಗಿಂತ ಹಿಂದಿನ 100 ಸೆಕೆಂಡ್, ಅದ್ರಲ್ಲಿ ಕೊನೇ 10 ಸೆಕೆಂಡ್ ಬಿಟ್ಬಿಡಿ. ಎರಡನೇದು ಸ್ಪಾನ್ಸರ್ ಭಾಗ ಪೂರ್ತಿ. ಮೂರನೇದು ಆಮೇಲಿನದು, ಆದ್ರೆ ಇದನ್ನ ಸ್ಪಾನ್ಸರ್ ಮುಗಿದ ಸೆಕೆಂಡಿಂದಲೇ ಶುರು ಮಾಡ್ಬೇಡಿ, 20 ಸೆಕೆಂಡ್ ಬಿಟ್ಟು ಶುರು ಮಾಡಿ. ಯಾಕಂದ್ರೆ ಮೊಬೈಲಲ್ಲಿ ಡಬಲ್ ಟ್ಯಾಪ್ ಮಾಡಿದ್ರೆ ಸಾಮಾನ್ಯವಾಗಿ 10 ಸೆಕೆಂಡ್ ಲೆಕ್ಕದಲ್ಲಿ ಹಾರತ್ತೆ, ಕರೆಕ್ಟಾಗಿ ಸ್ಪಾನ್ಸರ್ ಮುಗಿಯೋ ಜಾಗಕ್ಕೆ ಯಾರೂ ಬಂದು ಬೀಳಲ್ಲ, ಕೆಲವ್ರು ಒಳಗೇ ಬೀಳ್ತಾರೆ, ಕೆಲವ್ರು ದಾಟಿ ಮುಂದೆ ಬೀಳ್ತಾರೆ, ಕೆಲವ್ರು ದಾಟಿದ್ದು ಗೊತ್ತಾಗಿ ಹಿಂದಕ್ಕೆ ಬರ್ತಾರೆ. ಆ ಗಲಾಟೆ ಎಲ್ಲ ಅಡಗಿದ ಮೇಲಿನ ನಂಬರ್ ನಮಗೆ ಬೇಕು.

ನಂಬರ್ ತೆಗೆಯೋದು

ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋದ ಅನಲಿಟಿಕ್ಸ್‌ಗೆ ಹೋದ್ರೆ Key moments for audience retention ಅಂತ ಗ್ರಾಫ್ ಇರತ್ತೆ. ಅದ್ರ ಮೇಲೆ ಮೌಸ್ ಇಟ್ಟು ಒಂದೊಂದು ಜಾಗದ ಶೇಕಡಾವಾರು ನೋಡ್ಕೊಂಡು ಶೀಟಲ್ಲಿ ಬರ್ಕೊಂಡ್ರೂ ಸಾಕು, ಒಂದು ವಿಡಿಯೋಗೆ ಇಪ್ಪತ್ತು ಇಪ್ಪತ್ತೈದು ನಂಬರ್ ಅಷ್ಟೇ ಬೇಕಾಗೋದು. ಅಪ್‌ಲೋಡ್ ಮಾಡಿದ ತಕ್ಷಣ ಈ ಡೇಟಾ ಬರಲ್ಲ, ಒಂದೆರಡು ದಿನ ಹಿಡಿಯತ್ತೆ. ತುಂಬಾ ವಿಡಿಯೋ ಇದ್ರೆ ಕೋಡ್ ಬರೆದು ಯೂಟ್ಯೂಬ್ ಅನಲಿಟಿಕ್ಸ್ ಎಪಿಐಲಿ ಹೀಗೆ ಕೇಳಬಹುದು:

```
ids=channel==MINE
dimensions=elapsedVideoTimeRatio
metrics=audienceWatchRatio
filters=video==VIDEO_ID;audienceType==ORGANIC
```

ಜೊತೆಗೆ startDate, endDate ಕೊಡ್ಬೇಕು, ಒಂದು ಸಲಕ್ಕೆ ಒಂದೇ ವಿಡಿಯೋ ಕೇಳ್ಬೇಕು. ಕೊನೇಲಿರೋ ORGANIC ಮರೀಬೇಡಿ. ಬ್ರ್ಯಾಂಡಿನವ್ರು ನಿಮ್ಮ ವಿಡಿಯೋನ ದುಡ್ಡು ಕೊಟ್ಟು ಆಡ್ ಥರ ಓಡಿಸಿದ್ರೆ ಆ ಕಡೆಯಿಂದ ಬಂದವ್ರೂ ಲೆಕ್ಕಕ್ಕೆ ಸೇರ್ಕೊತಾರೆ, ಅವ್ರ ನೋಡೋ ರೀತಿನೇ ಬೇರೆ, ಗ್ರಾಫ್ ಪೂರ್ತಿ ಕಲಸುಮೇಲೋಗರ ಆಗತ್ತೆ.

ಎಪಿಐ ಯಾವ ವಿಡಿಯೋಗಾದ್ರೂ 100 ಬಿಂದು ಮಾತ್ರ ಕೊಡತ್ತೆ ಅನ್ನೋದು ಇಲ್ಲಿ ಮುಖ್ಯ. 10 ನಿಮಿಷದ ವಿಡಿಯೋ ಆದ್ರೆ ಒಂದು ಬಿಂದು ಅಂದ್ರೆ 6 ಸೆಕೆಂಡ್, 40 ನಿಮಿಷದ ಪಾಡ್‌ಕಾಸ್ಟ್ ಆದ್ರೆ 24 ಸೆಕೆಂಡ್. ಆ ಪಾಡ್‌ಕಾಸ್ಟಲ್ಲಿ 30 ಸೆಕೆಂಡಿನ ಸ್ಪಾನ್ಸರ್ ಇಟ್ರೆ ಅದಕ್ಕೆ ಸಿಗೋದು ಒಂದು ಬಿಂದು ಮೇಲೆ ಸ್ವಲ್ಪ, ಅದ್ರಲ್ಲಿ ಸ್ಪಾನ್ಸರ್ ಒಳಗಿನ ಏರಿಳಿತ ಹುಡುಕೋಕೆ ಹೋಗೋದು ದಂಡ. ಅಂಥ ಕಡೆ ಮುಂಚೆ ಮತ್ತೆ ಆಮೇಲೆ ಎರಡನ್ನೇ ಹೋಲಿಸಿ.

ಇರಬೇಕಾಗಿದ್ದ ಗೆರೆ ಎಳೆಯೋದು

ಸ್ಪಾನ್ಸರ್ ಮುಂಚೆ 54 ಇತ್ತು ಆಮೇಲೆ 47 ಆಯ್ತು, 7 ಹೋಯ್ತು ಅಂತ ತುಂಬಾ ಜನ ಸೀದಾ ಕಳೀತಾರೆ, ಇದು ತಪ್ಪು. ಸ್ಪಾನ್ಸರ್ ಇಲ್ದಿದ್ರೂ ಆ ಹೊತ್ತಲ್ಲಿ ಒಂದಷ್ಟು ಜನ ಹೋಗ್ತಾನೇ ಇದ್ರು, ಊಟ ಬಂತು, ಫೋನ್ ಬಂತು, ಬೇಜಾರಾಯ್ತು, ಏನೋ ಒಂದು. ಹಂಗಾಗಿ ಮುಂಚಿನ ಕಿಟಕಿಲಿ ಗೆರೆ ಯಾವ ವೇಗದಲ್ಲಿ ಇಳೀತಿತ್ತು ನೋಡಿ, ಅದೇ ವೇಗದಲ್ಲಿ ಮುಂದಕ್ಕೆ ಎಳೀರಿ, ಆ ಗೆರೆಗೂ ನಿಜವಾಗಿ ಬಂದಿದ್ದಕ್ಕೂ ಇರೋ ವ್ಯತ್ಯಾಸ ಮಾತ್ರ ಸ್ಪಾನ್ಸರ್ ತಲೆಗೆ ಕಟ್ಟಬೇಕಾಗಿರೋದು.

ಒಂದು ಲೆಕ್ಕ ಹಾಕೋಣ, ನಂಬರ್ ಎಲ್ಲ ಅರ್ಥ ಆಗ್ಲಿ ಅಂತ ನಾನೇ ಇಟ್ಕೊಂಡಿದ್ದು. ಒಂದು ಮೊಬೈಲ್ ರಿವ್ಯೂ ವಿಡಿಯೋ, ಉದ್ದ 16 ನಿಮಿಷ 40 ಸೆಕೆಂಡ್, ಅಂದ್ರೆ 1000 ಸೆಕೆಂಡ್, ಒಂದು ಬಿಂದುಗೆ ಸರಿಯಾಗಿ 10 ಸೆಕೆಂಡ್. 40,000 ವ್ಯೂಸ್. ಸ್ಪಾನ್ಸರ್ 5:00ರಿಂದ 6:00ರವರೆಗೆ. ಕೆಳಗೆ ಸಮಯ, ಅದ್ರ ಪಕ್ಕದಲ್ಲಿ ಆ ಹೊತ್ತಿನ ರಿಟೆನ್ಶನ್ ಶೇಕಡಾವಾರು.

```
3:20  58.0      5:30  32
4:50  53.5      5:40  33
5:00  50        5:50  35
5:10  39        6:00  43
5:20  33        6:10  46
                6:20  47
```

3:20ರಿಂದ 4:50ಕ್ಕೆ, ಅಂದ್ರೆ 90 ಸೆಕೆಂಡಲ್ಲಿ, 4.5 ಇಳಿದಿದೆ. 10 ಸೆಕೆಂಡಿಗೆ ಅರ್ಧ. ಇದು ಈ ವಿಡಿಯೋದ ಸಹಜ ಇಳಿತ. ಇದೇ ಥರ ಮುಂದಕ್ಕೆ ಹೋಗಿದ್ರೆ ಸ್ಪಾನ್ಸರ್ ಹೊತ್ತಲ್ಲಿ 53ರಿಂದ 50.5ರವರೆಗೆ ಇರ್ಬೇಕಿತ್ತು, ಸರಾಸರಿ ಹೆಚ್ಚೂಕಮ್ಮಿ 52 ಅನ್ಕೊಳಿ. ನಿಜವಾಗಿ ಬಂದ ಆರು ನಂಬರಿನ ಸರಾಸರಿ 37. ಹಂಗಾಗಿ ಕಮ್ಮಿ ಆಗಿದ್ದು 15. ಇದನ್ನ ಒಟ್ಟು ವ್ಯೂಸ್ ಮೇಲೆ ಹೇಳ್ಬೇಡಿ, ಆ ಹೊತ್ತಿಗೆ ಇರಬೇಕಾಗಿದ್ದವ್ರ ಮೇಲೆ ಹೇಳಿ: 52ರಲ್ಲಿ 15, ಶೇಕಡ 29.

ಈಗ ಆಮೇಲಿನದು. 6:20ಕ್ಕೆ ಇರಬೇಕಾಗಿದ್ದು 49, ಇರೋದು 47. ಕಮ್ಮಿ ಬರೀ 2, ಅಂದ್ರೆ ಇರಬೇಕಾಗಿದ್ದವ್ರಲ್ಲಿ ಶೇಕಡ 4. ಹೀಗೆ ನೋಡಿದ್ರೆ ಸ್ಪಾನ್ಸರ್ ಹೊತ್ತಲ್ಲಿ ಕಾಣೆಯಾದ ಶೇಕಡ 29ರಲ್ಲಿ ಹೆಚ್ಚೂಕಮ್ಮಿ 25 ಸ್ಕಿಪ್ ಮಾಡಿ ವಾಪಸ್ ಬಂದವ್ರು, 4 ಮಾತ್ರ ವಿಡಿಯೋನೇ ಬಿಟ್ಟವ್ರು. ಸುಮ್ನೆ ಕಳೆದಿದ್ರೆ 53.5ರಿಂದ 47, ಆರೂವರೆ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಿದ್ರಿ, ಅದ್ರಲ್ಲಿ ನಾಲ್ಕೂವರೆ ಹೆಂಗಿದ್ರೂ ಹೋಗ್ತಿತ್ತು.

ಮೂರ್ನಾಲ್ಕು ನಿಮಿಷಕ್ಕಿಂತ ಮುಂದಕ್ಕೆ ಎಳೆದ್ರೆ ಈ ಸೀದಾ ಗೆರೆ ನಂಬೋಕಾಗಲ್ಲ, ಯಾಕಂದ್ರೆ ರಿಟೆನ್ಶನ್ ಮೊದ್ಲು ಜೋರಾಗಿ ಇಳಿದು ಆಮೇಲೆ ನಿಧಾನ ಆಗ್ತಾ ಹೋಗತ್ತೆ. ಇನ್ನೊಂದು, ಸ್ಪಾನ್ಸರ್ ಮೊದಲನೇ ನಿಮಿಷದಲ್ಲೇ ಇದ್ರೆ ಈ ವಿಧಾನ ಕೆಲಸಕ್ಕೇ ಬರಲ್ಲ. ಅಲ್ಲಿ ಮುಂಚಿನ ಇಳಿತ ಬಂಡೆ ಉರುಳಿದ ಹಾಗೆ ಇರತ್ತೆ, ಅದನ್ನ ಮುಂದಕ್ಕೆ ಎಳೆದ್ರೆ ಇರಬೇಕಾಗಿದ್ದ ಗೆರೆನೇ ತೀರಾ ಕೆಳಗೆ ಹೋಗಿ ಸ್ಪಾನ್ಸರಿಂದ ನಷ್ಟನೇ ಆಗಿಲ್ಲ, ಲಾಭನೇ ಆಗಿದೆ ಅನ್ನೋ ಹಾಗೆ ಕಾಣತ್ತೆ. ಅಂಥಾ ಕಡೆ ನಿಮ್ಮದೇ ಸ್ಪಾನ್ಸರ್ ಇಲ್ಲದ, ಅಷ್ಟೇ ಉದ್ದದ ಹಳೇ ವಿಡಿಯೋಗಳಲ್ಲಿ ಅದೇ ಸೆಕೆಂಡಿಗೆ ಎಷ್ಟಿತ್ತು ಅಂತ ತಗೊಂಡು ಹೋಲಿಸ್ಬೇಕು. ಸ್ಟುಡಿಯೋದವ್ರೇ ಗ್ರಾಫಲ್ಲಿ ನಿಮ್ಮ ಸಾಮಾನ್ಯ ಮಟ್ಟ ಅಂತ ತೋರಿಸ್ತಾರೆ, ಅದು ಕಣ್ಣಳತೆಗೆ ಸರಿ, ಆದ್ರೆ ಆ ಹಳೇ ವಿಡಿಯೋಗಳಲ್ಲೂ ಸ್ಪಾನ್ಸರ್ ಇದ್ರೆ ಆ ಮಟ್ಟದಲ್ಲೇ ಗುಂಡಿ ಸೇರ್ಕೊಂಡಿರತ್ತೆ, ಹೋಲಿಕೆಗೆ ಅದು ಉಪಯೋಗ ಇಲ್ಲ.

ಹೋದವ್ರು ಹೇಗಿದ್ರೂ ಹೋಗ್ತಿದ್ರಾ?

ಇದನ್ನ ಯಾರೂ ನೋಡಲ್ಲ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ಮುಖ್ಯ ಅನ್ಸೋದು. ಸ್ಪಾನ್ಸರ್ ಬಂದಾಗ ಬಿಟ್ಟು ಹೋದ ಆ 4 ಪರ್ಸೆಂಟ್ ಯಾರು? ಕೆಲವ್ರು ಆಗ್ಲೇ ಅರ್ಧ ಮನಸ್ಸಲ್ಲಿ ನೋಡ್ತಿದ್ದವ್ರು, ಇನ್ನೆರಡು ನಿಮಿಷದಲ್ಲಿ ಹೆಂಗಿದ್ರೂ ಹೋಗ್ತಿದ್ರು, ಸ್ಪಾನ್ಸರ್ ಒಂದು ನೆಪ ಆಯ್ತು. ಹಂಗಿದ್ರೆ ಸ್ಪಾನ್ಸರ್ ಆದ್ಮೇಲೆ ಉಳಿದವ್ರು ಗಟ್ಟಿ ಆಸಾಮಿಗಳು, ಆಮೇಲಿನ ಇಳಿತ ಮುಂಚಿಗಿಂತ ನಿಧಾನ ಆಗ್ಬೇಕು, ಅಂತರ ಮುಚ್ಕೊಂಡು ಬರ್ಬೇಕು.

ನಮ್ಮ ಉದಾಹರಣೆಲಿ 8:20ಕ್ಕೆ ನೋಡೋಣ. ಇರಬೇಕಾಗಿದ್ದು 43, ಇರೋದು 42.2 ಅಂತ ಇಟ್ಕೊಳಿ. 2 ಇದ್ದ ಅಂತರ 0.8ಕ್ಕೆ ಇಳಿದಿದೆ, ಅಂದ್ರೆ ಹೋದವ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬರೀ ಬೇಗ ಹೋದವ್ರು ಇರಬಹುದು. ಉಲ್ಟಾ, 6:20ಕ್ಕೆ 2 ಇದ್ದಿದ್ದು 8:20ಕ್ಕೆ 4 ಆಗಿದ್ರೆ ವಿಷಯ ಕೆಟ್ಟಿದೆ ಅಂತ, ಸ್ಪಾನ್ಸರ್ ವಿಡಿಯೋದ ಓಟವನ್ನೇ ಮುರಿದಿರಬಹುದು, ವಾಪಸ್ ಬಂದವ್ರಿಗೂ ಕಥೆ ಎಲ್ಲಿ ನಿಂತಿತ್ತು ಅನ್ನೋದು ಮರೆತು ಹೋಗಿರಬಹುದು. ಆದ್ರೆ ಆ ಎರಡು ನಿಮಿಷದ ಕಂಟೆಂಟೇ ಸಪ್ಪೆ ಇದ್ರೂ ಹೀಗೇ ಕಾಣತ್ತೆ, ಆದ್ದರಿಂದ ಆ ಭಾಗ ಒಂದ್ಸಲ ನೀವೇ ಕೂತು ನೋಡಿ ಆಮೇಲೆ ತೀರ್ಮಾನ ಮಾಡಿ.

ಸ್ಪಾನ್ಸರ್ ಇಲ್ಲದ ಕಡೆ ಅದೇ ಲೆಕ್ಕ

2 ಕಮ್ಮಿ ಆಯ್ತು ಅಂದ್ವಲ್ಲ, ಅದು ನಿಜವಾದ ನಷ್ಟನಾ ಇಲ್ಲ ಗ್ರಾಫಿನ ಸುಮ್ನೆ ಏರುಪೇರಾ? ಇದನ್ನ ತಿಳ್ಕೊಳೋಕೆ ಸುಲಭ ದಾರಿ ಇದೆ. ಸ್ಪಾನ್ಸರ್ ಇಲ್ಲದ ಐದಾರು ವಿಡಿಯೋ ತಗೊಳಿ, 5:00ರಿಂದ 6:00ರವರೆಗೆ ಸ್ಪಾನ್ಸರ್ ಇದೆ ಅಂತ ಸುಮ್ನೆ ಅನ್ಕೊಂಡು ಪೂರ್ತಿ ಇದೇ ಲೆಕ್ಕ ಮಾಡಿ. ಎಲ್ಲಾ ಕಡೆ ಸೊನ್ನೆ ಹತ್ರ ಬರ್ಬೇಕು, ಆದ್ರೆ ಬರಲ್ಲ, ಒಂದ್ರಲ್ಲಿ 0.9 ಜಾಸ್ತಿ, ಇನ್ನೊಂದ್ರಲ್ಲಿ 1.1 ಕಮ್ಮಿ, ಹಿಂಗೆ ಅಲ್ಲಾಡ್ತಾ ಇರತ್ತೆ. ಆ ಅಲ್ಲಾಟದ ಒಳಗೆ ಬರೋ ನಂಬರ್ ಬಗ್ಗೆ ತಲೆ ಕೆಡಿಸ್ಕೊಳೋದು ಬೇಡ. ಈ ಲೆಕ್ಕದಲ್ಲಿ 6:20ರ 2 ಅಲ್ಲಾಟದಿಂದ ಆಚೆಗಿದೆ, ಹಂಗಾಗಿ ನಿಜ ಇರ್ಬಹುದು, 8:20ರ 0.8 ಒಳಗೇ ಇದೆ, ಅದ್ರ ಮೇಲೆ ಕಥೆ ಕಟ್ಟೋಕಾಗಲ್ಲ.

ಹಳೇ ವಿಡಿಯೋದಲ್ಲಿ ಈ ನಕಲಿ ಜಾಗ ಆರಿಸೋವಾಗ ವಿಷಯ ಬದಲಾಗೋ ಜಾಗಾನೂ ಒಂದೆರಡು ತಗೊಳಿ. ಕ್ಯಾಮೆರಾ ಮುಗೀತು ಇನ್ನು ಬ್ಯಾಟರಿ ನೋಡೋಣ ಅಂದಾಗಲೂ ಜನ ಮುಂದಕ್ಕೆ ಹಾರ್ತಾರೆ, ಹೋಗೋರು ಹೋಗ್ತಾರೆ. ನಾವು ಸ್ಪಾನ್ಸರನ್ನ ಇಡೋದೂ ಅಂಥ ಜಾಗದಲ್ಲೇ, ಆದ್ದರಿಂದ ಆ ಇಳಿತದಲ್ಲಿ ಒಂದು ಪಾಲು ಜಾಗದ್ದು, ಸ್ಪಾನ್ಸರ್‌ದಲ್ಲ.

ವ್ಯೂಸ್ ಕಮ್ಮಿ ಇದ್ರೆ ಇನ್ನೂ ಹುಷಾರು. 40,000 ವ್ಯೂಸಲ್ಲಿ 2 ಪರ್ಸೆಂಟ್ ಅಂದ್ರೆ 800, ಸರಿ. 800 ವ್ಯೂಸ್ ಇರೋ ವಿಡಿಯೋದಲ್ಲಿ 2 ಪರ್ಸೆಂಟ್ ಅಂದ್ರೆ 16, ಆ 16 ಜನ ಯಾಕೆ ಹೋದ್ರು ಅಂತ ಯಾರಿಗೆ ಗೊತ್ತು. ಸಣ್ಣ ಚಾನೆಲ್ ಆದ್ರೆ ಒಂದೊಂದು ವಿಡಿಯೋದ ಮೇಲೆ ತೀರ್ಪು ಕೊಡೋ ಬದಲು ನಾಲ್ಕೈದು ಸ್ಪಾನ್ಸರ್ ವಿಡಿಯೋ ಸೇರಿಸಿ ಸರಾಸರಿ ನೋಡಿ.

ಯಾರು ಹಾರಿದ್ರು ಅಂತ ಒಡೆದು ನೋಡೋದು

ಅದೇ ರಿಟೆನ್ಶನ್ ರಿಪೋರ್ಟಲ್ಲಿ ಸಬ್‌ಸ್ಕ್ರೈಬರ್ಸ್, ಅಲ್ಲದವ್ರು ಅಂತ, ಹೊಸಬರು, ಮತ್ತೆ ಮತ್ತೆ ಬರೋರು ಅಂತ ಬೇರೆ ಬೇರೆ ಗೆರೆ ನೋಡಬಹುದು. ಎರಡು ಗೆರೆಗೂ ಬೇರೆ ಬೇರೆಯಾಗಿ ಮೇಲಿನ ಲೆಕ್ಕ ಮಾಡಿ. ಹಳಬರು ಜೋರಾಗಿ ಸ್ಕಿಪ್ ಮಾಡಿ ವಾಪಸ್ ಬಂದಿದ್ರೆ ಅದು ಅಭ್ಯಾಸ, ಇವನು ಐದನೇ ನಿಮಿಷಕ್ಕೆ ಜಾಹೀರಾತು ಇಡ್ತಾನೆ ಅಂತ ಅವ್ರಿಗೆ ಗೊತ್ತು, ಜಾಗ ಬದಲಾಯಿಸಿ ನೋಡಿ. ಹೊಸಬರು ಸ್ಕಿಪ್ಪೂ ಮಾಡದೆ ಸೀದಾ ಹೋಗಿದ್ರೆ ಅದು ಬೇರೆ ಸಮಸ್ಯೆ, ಅವ್ರಿಗೆ ನಿಮ್ಮ ಮೇಲೆ ಇನ್ನೂ ಋಣ ಇಲ್ಲ, ಅಷ್ಟು ಬೇಗ ಜಾಹೀರಾತು ತೋರಿಸಿದ್ದೇ ತಪ್ಪಾಗಿರಬಹುದು.

ಇದೇ ಕಾರಣಕ್ಕೆ ಎರಡು ವಿಡಿಯೋ ಹೋಲಿಸೋವಾಗ ಎರಡಕ್ಕೂ ಒಂದೇ ವಯಸ್ಸು ಇರ್ಬೇಕು. ಮೊದಲ ಎರಡು ದಿನ ನೋಡೋರಲ್ಲಿ ನಿಮ್ಮವರೇ ಜಾಸ್ತಿ ಇರ್ತಾರೆ, ಆಮೇಲೆ ಸರ್ಚಿಂದ, ಸಜೆಸ್ಟೆಡಿಂದ ಅಪರಿಚಿತರು ಬರೋಕೆ ಶುರು. ಒಂದ್ರದ್ದು ಮೂರು ದಿನದ ಡೇಟಾ, ಇನ್ನೊಂದ್ರದ್ದು ಮೂರು ತಿಂಗಳದ್ದು ಇಟ್ಕೊಂಡ್ರೆ ನೀವು ಹೋಲಿಸ್ತಿರೋದು ಜನಗಳನ್ನ, ಸ್ಪಾನ್ಸರನ್ನಲ್ಲ. 7ನೇ ದಿನಕ್ಕೊಂದು ಸಲ, 28ನೇ ದಿನಕ್ಕೊಂದು ಸಲ ತೆಗೆದಿಟ್ಕೊಳಿ ಸಾಕು.

ಗುಂಡಿಯ ಆಕಾರ ಓದೋದು

ಮತ್ತೆ ಆ ಆರು ನಂಬರ್ ನೋಡಿ: 50, 39, 33, 32, 33, 35. ಇಳಿತ ಹೆಚ್ಚೂಕಮ್ಮಿ ಪೂರ್ತಿ ಮೊದಲ 20 ಸೆಕೆಂಡಲ್ಲೇ ಮುಗಿದಿದೆ, ಆಮೇಲೆ ಸಮತಟ್ಟು. ಹಾರೋರು ಸ್ಕ್ರಿಪ್ಟ್ ಕೇಳಿ ಹಾರಲ್ಲ, ಜಾಹೀರಾತು ಅಂತ ಗೊತ್ತಾದ ಕೂಡ್ಲೆ ಹಾರ್ತಾರೆ, ಕೂತವ್ರು ಕೊನೇವರೆಗೂ ಕೂರ್ತಾರೆ. ಹಂಗಾಗಿ ಬ್ರ್ಯಾಂಡಿನ ಮುಖ್ಯ ಮಾತು ಮೊದಲ 10 ಸೆಕೆಂಡಲ್ಲಿ ಬಂದ್ರೆ ಅದನ್ನ ನೂರು ವ್ಯೂಸಿಗೆ 50ರಲ್ಲಿ ಕೇಳ್ತಾರೆ, ಕೊನೇಲಿ ಬಂದ್ರೆ 35ರಲ್ಲಿ. ಇದಕ್ಕೆ ಬದಲು 50, 48, 45, 41, 36, 31 ಅಂತ ಕೊನೇವರೆಗೂ ಜಾರ್ತಾನೇ ಇದ್ರೆ ಜನ ಕೇಳೋಕೆ ರೆಡಿ ಇದ್ರು, ಸ್ಪಾನ್ಸರ್ ಉದ್ದ ಆಯ್ತು ಇಲ್ಲಾ ಬೋರ್ ಆಯ್ತು ಅಂತ ಅರ್ಥ, ಅಲ್ಲಿ ಕತ್ತರಿ ಹಾಕಿ.

ಕೊನೇಲಿ 33ರಿಂದ 35ಕ್ಕೆ ಏರಿದೆಯಲ್ಲ, ಅದನ್ನ ನೋಡಿ ಕೊನೇ ಮಾತು ಜನಕ್ಕೆ ಇಷ್ಟ ಆಯ್ತು ಅಂತ ಬ್ರ್ಯಾಂಡಿಗೆ ಹೇಳ್ಬೇಡಿ, ಅದು ಹಾರಿ ಬಂದು ಒಳಗೆ ಬಿದ್ದವ್ರು. ಮಧ್ಯದಲ್ಲಿ ಚೂಪಾಗಿ ಒಂದು ಏರು ಇದ್ರೆ ಮಾತ್ರ ಬೇರೆ, ಹಿಂದಕ್ಕೆ ಹೋಗಿ ಮತ್ತೆ ನೋಡಿದ್ರೆ ಆ ಭಾಗ ಎರಡು ಸಲ ಲೆಕ್ಕಕ್ಕೆ ಬರತ್ತೆ (ರಿಟೆನ್ಶನ್ ಕೆಲವು ಸಲ ನೂರು ದಾಟೋದೂ ಇದೇ ಕಾರಣಕ್ಕೆ), ಕೂಪನ್ ಕೋಡ್ ಸ್ಕ್ರೀನ್ ಮೇಲೆ ಬಂದ ಜಾಗದಲ್ಲೇ ಆ ಏರು ಇದ್ರೆ ಜನ ಅದನ್ನ ಓದೋಕೆ ವಾಪಸ್ ಬಂದಿರಬಹುದು.

ಗುಂಡಿಯನ್ನ ಆಳ ಮಾಡೋ ಇನ್ನೂ ಎರಡು ಕಾರಣ ಇವೆ, ನಿಮ್ಮ ಮಾತಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಚಾಪ್ಟರ್: ಸ್ಪಾನ್ಸರ್‌ಗೆ ಅಂತ ಬೇರೆ ಚಾಪ್ಟರ್ ಕೊಟ್ರೆ ಮುಂದಿನ ಚಾಪ್ಟರ್ ಒತ್ತಿ ದಾಟೋದು ಸುಲಭ, ಗೋಡೆ ಥರ ನೆಟ್ಟಗೆ ಇಳಿದು ನೆಟ್ಟಗೆ ಏರತ್ತೆ. ಇನ್ನೊಂದು ಸ್ಪಾನ್ಸರ್‌ಬ್ಲಾಕ್ ಥರದ ಬ್ರೌಸರ್ ಎಕ್ಸ್‌ಟೆನ್ಶನ್, ಯಾರೋ ಒಬ್ರು ಟೈಮ್ ಗುರುತು ಮಾಡಿದ್ರೆ ಹಾಕ್ಕೊಂಡವ್ರಿಗೆಲ್ಲ ಆ ಭಾಗ ತಾನಾಗೇ ಹಾರತ್ತೆ, ಟೆಕ್ ಚಾನೆಲ್ ನೋಡೋರಲ್ಲಿ ಇಂಥವ್ರು ಜಾಸ್ತಿ ಇದ್ರೆ ಆಶ್ಚರ್ಯ ಇಲ್ಲ. ಇವ್ರು ಜಾಹೀರಾತನ್ನ ನೋಡೇ ಇಲ್ಲ, ಆದ್ದರಿಂದ ಇವ್ರು ಹಾರಿದ್ದು ನಿಮ್ಮ ಜಾಹೀರಾತಿಗೆ ಪ್ರತಿಕ್ರಿಯೆನೇ ಅಲ್ಲ. ಹಾಗಂತ ಪೇಯ್ಡ್ ಪ್ರಮೋಷನ್ ಲೇಬಲ್ ತೆಗೆದು ಟೆಸ್ಟ್ ಮಾಡ್ತೀನಿ ಅಂತ ಹೋಗ್ಬೇಡಿ, ನಮ್ಮ ದೇಶದಲ್ಲಿ ಜಾಹೀರಾತುಗಳ ಮೇಲೆ ಕಣ್ಣಿಡೋ ಎಎಸ್‌ಸಿಐನವ್ರ ಇನ್‌ಫ್ಲುಯೆನ್ಸರ್ ನಿಯಮ 2021ರಿಂದ ಇದೆ, ಜಾಹೀರಾತು ಅಂತ ಹೇಳ್ಲೇಬೇಕು.

ಬ್ರ್ಯಾಂಡಿಗೆ ಏನು ಬರೆಯೋದು

ಬರೀ ಸ್ಕ್ರೀನ್‌ಶಾಟ್ ಕಳಿಸಿದ್ರೆ ಅವ್ರೂ ಗುಂಡಿನೇ ನೋಡ್ತಾರೆ. ನಾನಾದ್ರೆ ಮೂರು ಸಾಲು ಬರೀತೀನಿ: ಸ್ಪಾನ್ಸರ್ ಭಾಗವನ್ನ ಸರಾಸರಿ 37 ಪರ್ಸೆಂಟ್, ಅಂದ್ರೆ 40,000ದಲ್ಲಿ ಸುಮಾರು 14,800 ವ್ಯೂಸಲ್ಲಿ ನೋಡಿದಾರೆ, ಆ ಜಾಗಕ್ಕೆ ಬರಬೇಕಾಗಿದ್ದವ್ರಲ್ಲಿ ಶೇಕಡ 71 ಕೂತಿದ್ರು, ವಿಡಿಯೋನೇ ಬಿಟ್ಟು ಹೋದವ್ರು ಶೇಕಡ 4. ಇವು ವ್ಯೂಸ್ ಲೆಕ್ಕ, ಜನರ ಲೆಕ್ಕ ಅಲ್ಲ ಅನ್ನೋದನ್ನೂ ಸೇರಿಸಿ, ಒಬ್ಬನೇ ಎರಡು ಸಲ ನೋಡಿದ್ರೆ ಎರಡು.

ಇದರ ಪಕ್ಕದಲ್ಲೇ ಲಿಂಕ್ ಕ್ಲಿಕ್ ಮತ್ತೆ ಕೂಪನ್ ಬಳಕೆ ಎಷ್ಟು ಅಂತ ಬ್ರ್ಯಾಂಡಿನವ್ರ ಹತ್ರ ಕೇಳಿ ಇಟ್ಕೊಳಿ. ಕೂತು ನೋಡಿದವ್ರೆಲ್ಲ ಮೆಚ್ಚಿ ಕೂತವ್ರಲ್ಲ, ಅಡುಗೆ ಮಾಡ್ತಾ ಫೋನ್ ಪಕ್ಕಕ್ಕಿಟ್ಟವ್ರಿಗೆ ಕೈಯೆಲ್ಲ ಹಿಟ್ಟಾಗಿದ್ರೆ ಸ್ಕಿಪ್ ಮಾಡೋಕಾಗಲ್ಲ, ಟಿವಿಲಿ ನೋಡೋರು ರಿಮೋಟ್ ಹುಡುಕೋ ಹೊತ್ತಿಗೆ ಜಾಹೀರಾತೇ ಮುಗಿದಿರತ್ತೆ. ಮುಂದಿನ ವಿಡಿಯೋದಲ್ಲಿ ಜಾಗ ಇಲ್ಲಾ ಉದ್ದ ಇಲ್ಲಾ ಮೊದಲ ಸಾಲು, ಇದ್ರಲ್ಲಿ ಒಂದನ್ನ ಮಾತ್ರ ಬದಲಾಯಿಸಿ ಅದೇ ಶೀಟಲ್ಲಿ ಮತ್ತೆ ಲೆಕ್ಕ ಹಾಕಿ, ಮೂರನ್ನೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗ್ರಾಫ್ ಹೇಳಲ್ಲ.